ಹೆಬ್ಬೆರಳಿನ ಕೆಳಗಿನ ಸಾಲು

ಪ್ರಶ್ನೆಪತ್ರಿಕೆಯನ್ನು ಫೋನಿನಲ್ಲಿ ಫೋಟೊ ಹಿಡಿದು ಕಳಿಸುವುದನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಕಾಗದವಾದರೆ ಒಂದು ಕವರಿನಲ್ಲಿರುತ್ತದೆ, ಕವರು ಒಬ್ಬರ ಕೈಯಲ್ಲಿರುತ್ತದೆ. ಫೋಟೊ ಎಷ್ಟು ಜನರ ಕೈಯಲ್ಲಿದೆ ಅಂತ ಯಾರು ಹೇಳಬೇಕು?

ಆಗ ನಾನು ಕಳ್ಳಂಬೆಳ್ಳದ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಹತ್ತನೇ ತರಗತಿಯ ಮಕ್ಕಳಿಗೆ ದೊಡ್ಡ ಪರೀಕ್ಷೆಗೆ ಮುಂಚೆ ಒಂದು ಪೂರ್ವಸಿದ್ಧತಾ ಪರೀಕ್ಷೆ ಇರುತ್ತದಲ್ಲ, ಅದನ್ನು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿಗೂ ಸೇರಿಸಿ ನಡೆಸುತ್ತಿದ್ದರು. ಪತ್ರಿಕೆ ತೆಗೆಯುವವರು ಒಬ್ಬರು, ಅನುವಾದ ಮಾಡುವವರು ಬೇರೆಯವರು. ಆ ವರ್ಷ ವಿಜ್ಞಾನದ ಪತ್ರಿಕೆ ತೆಗೆದವರು ಪಾವಗಡದ ಹಿರಿಯ ಮೇಷ್ಟ್ರು. ಅವರು ಕಲಿಸುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಹಾಗಾಗಿ ಇಂಗ್ಲಿಷಿನಲ್ಲೇ ಬರೆದಿದ್ದರು. ಅದನ್ನು ಕನ್ನಡಕ್ಕೆ ಮಾಡುವ ಕೆಲಸ ನನ್ನದು, ಉರ್ದುಗೆ ಮಾಡುವುದು ಸಿರಾದಿಂದ ಬಂದಿದ್ದ ಇನ್ನೊಬ್ಬ ಮೇಷ್ಟ್ರದು.

ಮಧುಗಿರಿಯ ಒಂದು ಶಾಲೆಯ ಪ್ರಯೋಗಾಲಯದಲ್ಲಿ ನಮ್ಮನ್ನು ಕೂರಿಸುತ್ತಿದ್ದರು. ಬಾಗಿಲಲ್ಲಿ ಒಂದು ಕಬ್ಬಿಣದ ಟ್ರಂಕು. ಒಳಗೆ ಹೋಗುವಾಗ ಫೋನು ಅದಕ್ಕೆ ಹಾಕಬೇಕು, ಬೀಗ ಬೀಳುತ್ತದೆ, ಕೆಲಸ ಮುಗಿಯುವವರೆಗೆ ತೆಗೆಯುವಂತಿಲ್ಲ. ಆ ಶಾಲೆಯ ಹೆಡ್‌ಮಾಸ್ಟರೇ ಪರೀಕ್ಷೆಯ ಸಂಚಾಲಕರು. ಒಳ್ಳೆಯ ಮನುಷ್ಯ, ಆದರೆ ಯಾವ ಕೆಲಸವೂ ಬೇಗ ಮುಗಿದರೆ ಸಾಕು ಅನ್ನುವ ಜಾತಿಯವರು.

ಅವತ್ತು ಬೆಳಿಗ್ಗೆ ಅವರು ನಮ್ಮ ಮುಂದೆ ಇಟ್ಟಿದ್ದು ಸೀಲು ಮಾಡಿದ ಕವರಲ್ಲ. ನಾಲ್ಕು ಹಾಳೆ ಜೆರಾಕ್ಸ್. ಅದೂ ಫೋಟೊದಿಂದ ಪ್ರಿಂಟು ತೆಗೆದದ್ದು. ಒಂದು ಕಡೆ ನೆರಳು, ಒಂದು ಕಡೆ ಕಾಗದ ಮಡಿಸಿದ ಗೆರೆ.

"ಒರಿಜಿನಲ್ ಎಲ್ಲಿ ಸಾರ್?" ಅಂದೆ.

"ಮೇಷ್ಟ್ರಿಗೆ ಡೆಂಗಿ ಕಣಮ್ಮ. ಆಸ್ಪತ್ರೆಯಿಂದ ಈಗ ಮನೆಗೆ ಬಂದವ್ರೆ. ಎದ್ದು ಓಡಾಡಂಗಿಲ್ಲ. ಮನೆಯೋರ ಕೈಲಿ ಫೋಟೊ ಹೊಡೆಸಿ ಕಳ್ಸವ್ರೆ."

"ಅವರ ನಂಬರಿಂದಾನೇ ಬಂತಾ?"

"ಅವರದ್ದು ಗುಂಡಿ ಫೋನು. ಮನೇಲಿ ಬೇರೆ ಯಾರ್ದೋ ನಂಬರಿಂದ ಬಂತು. ಬರೋಕೆ ಮುಂಚೆ ಮೇಷ್ಟ್ರೇ ಮಾತಾಡಿದ್ರು, ಕಳುಸ್ತೀನಿ ಅಂತ."

ಅಲ್ಲಿಗೆ ನನ್ನ ಮನಸ್ಸಿನಲ್ಲಿ ಹುಳ ಬಿತ್ತು. ಸಿರಾದ ಮೇಷ್ಟ್ರ ಮುಖ ನೋಡಿದೆ. ಅವರು ಆಗಲೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು, ನೋಟು ಖೋಟಾನೋ ಅಸಲಿಯೋ ನೋಡುವವರ ಹಾಗೆ.

ಕೆಲಸ ಶುರು ಮಾಡಿದೆವು. ಪ್ರಶ್ನೆಪತ್ರಿಕೆಯ ಅನುವಾದ ಅಂದರೆ ಕಥೆಯ ಅನುವಾದದ ಹಾಗಲ್ಲ. ಚೆನ್ನಾಗಿ ಓದಿಸಿಕೊಂಡು ಹೋಗಬೇಕು ಅಂತ ಒಂದು ಪದ ಸೇರಿಸಿದರೆ ಉತ್ತರ ಹೊರಗೆ ಬಂದುಬಿಡಬಹುದು. "ಕಾರಣ ಕೊಡಿ" ಅಂತ ಇದ್ದದ್ದನ್ನು "ವಿವರಿಸಿ" ಅಂತ ಮಾಡಿದರೆ ಒಂದು ಅಂಕಕ್ಕೆ ಮಗು ಅರ್ಧ ಪುಟ ಬರೆಯುತ್ತದೆ. ಇಂಗ್ಲಿಷಿನಲ್ಲಿ "ಇವುಗಳಲ್ಲಿ ಯಾವುದು ಅಲ್ಲ" ಅನ್ನುವಾಗ ಆ "ಅಲ್ಲ" ಮೊದಲೇ ಬರುತ್ತದೆ, ಕೆಳಗೆ ಗೆರೆಯೂ ಇರುತ್ತದೆ. ಕನ್ನಡದಲ್ಲಿ ಅದು ವಾಕ್ಯದ ಬಾಲಕ್ಕೆ ಹೋಗಿ ಕೂರುತ್ತದೆ, ಅವಸರದಲ್ಲಿ ಓದುವ ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಅಲ್ಲೂ ಗೆರೆ ಎಳೆಯಬೇಕು. ಕೆಲವು ಕಡೆ ಪಠ್ಯಪುಸ್ತಕದ ಪದವೇ ಕೈಕೊಡುತ್ತದೆ. ಉಷ್ಣ ಹೊರಗೆ ಬಿಡುವ ಕ್ರಿಯೆ ಯಾವುದು ಅಂತ ಇಂಗ್ಲಿಷ್ ಮಗು ನೆನಪಿಟ್ಟುಕೊಂಡಿರಬೇಕು, ಕನ್ನಡದ ಮಗುವಿಗೆ "ಬಹಿರುಷ್ಣಕ" ಅನ್ನುವ ಪದದೊಳಗೇ ಅರ್ಧ ಉತ್ತರ ಇದೆ. ಏನು ಮಾಡುವುದು, ಪುಸ್ತಕದಲ್ಲಿರುವ ಪದವನ್ನೇ ಬಳಸಬೇಕು. ಅದು ನಮ್ಮ ಕೈಮೀರಿದ್ದು.

ಒಂದು ಲೆಕ್ಕದಲ್ಲಿ ನಿಮ್ನ ದರ್ಪಣದ ಸಂಗಮದೂರ ಹದಿನೈದು ಸೆಂಟಿಮೀಟರೋ ಒಂದೂವರೆಯೋ ತಿಳಿಯಲಿಲ್ಲ. ಒಂದು ಅನ್ನುವ ಅಂಕಿಯ ಪಕ್ಕ ಒಂದು ಚುಕ್ಕಿ ಇತ್ತು. ದಶಮಾಂಶದ ಚುಕ್ಕಿಯೋ, ಕ್ಯಾಮೆರಾದ ಗಾಜಿನ ಮೇಲಿನ ಧೂಳೋ? ಲೆಕ್ಕ ಮಾಡಿ ನೋಡಿದೆ. ಹದಿನೈದಾದರೆ ಉತ್ತರ ಚೊಕ್ಕವಾಗಿ ಬರುತ್ತದೆ. ಆದರೂ ಅಲ್ಲಿ ಪೆನ್ಸಿಲಿನಲ್ಲಿ ಸುತ್ತು ಹಾಕಿ ಬಿಟ್ಟೆ. ಉತ್ತರ ಚೊಕ್ಕವಾಗಿ ಬಂತು ಅನ್ನುವುದು ಪ್ರಶ್ನೆ ಅದೇ ಅನ್ನುವುದಕ್ಕೆ ಸಾಕ್ಷಿಯಲ್ಲ.

ಮೂರನೇ ಪುಟದ ಕೊನೆಗೆ ಬಂದಾಗ ಆ ಹೆಬ್ಬೆರಳು ಕಂಡಿತು. ಕಾಗದ ಹಾರದಿರಲಿ ಅಂತ ಒತ್ತಿ ಹಿಡಿದ ಬೆರಳು. ಜೆರಾಕ್ಸಿನಲ್ಲಿ ಕಪ್ಪಗೆ ಕಂಡರೂ ಹೆಣ್ಣಿನ ಬೆರಳು ಅಂತ ಗೊತ್ತಾಗುತ್ತಿತ್ತು. ಉಗುರಿನ ಸುತ್ತ, ಗೆಣ್ಣಿನ ಮೇಲೆ ಮೆಹಂದಿಯ ಬಳ್ಳಿ. ಆ ಬೆರಳಿನ ಮೇಲಿದ್ದ ಪ್ರಶ್ನೆ ಹೃದಯದ ನೀಳಛೇದ ನೋಟದ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು, ಮೂರು ಅಂಕ. ಬೆರಳಿನ ಕೆಳಗೆ ಒಂದು ಸಾಲು ಪೂರ್ತಿ ಮುಚ್ಚಿಹೋಗಿತ್ತು. ನಾಲ್ಕನೇ ಪುಟದ ತಲೆಯಲ್ಲಿ ಹೃದಯದ್ದೇ ಇನ್ನೊಂದು ಪ್ರಶ್ನೆ, ಮೂರು ಕಾರಣ ಕೊಡುವಂಥದ್ದು, ಅದಕ್ಕೂ ಮೂರು ಅಂಕ. ಅಂಚು ಸುರುಳಿಯಾಗಿದ್ದರಿಂದ ಅದಕ್ಕೆ ಕ್ರಮಸಂಖ್ಯೆ ಇದೆಯೋ ಇಲ್ಲವೋ ಕಾಣಲಿಲ್ಲ.

ಅಂಕ ಕೂಡಿದೆ. ಪತ್ರಿಕೆಯ ತಲೆಯಲ್ಲಿ ಎಂಬತ್ತು ಅಂತ ಇತ್ತು. ನನ್ನ ಮೊತ್ತ ಎಂಬತ್ತಮೂರು ಬಂತು. ಮತ್ತೆ ಕೂಡಿದೆ. ಎಂಬತ್ತಮೂರೇ.

ಸಿರಾದ ಮೇಷ್ಟ್ರು ಅಷ್ಟರಲ್ಲಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಅವರೂ ಕೂಡಿದ್ದರು ಅಂತ ಕಾಣುತ್ತದೆ.

"ಮೇಡಂ," ಅಂದರು ಮೆಲ್ಲಗೆ, "ನಾಲ್ಕನೇ ಪುಟದ ಮೊದಲ ಸವಾಲು ನೋಡಿ. ಹ್ಯಾಂಡ್‌ರೈಟಿಂಗ್ ಬೇರೆ."

ಹೌದು. ಉಳಿದ ಪತ್ರಿಕೆಯೆಲ್ಲ ಬಲಕ್ಕೆ ವಾಲಿದ, ನಡುಗುವ, ಹಳೆಯ ಕಾಲದ ಬರಹ. ಅದೊಂದು ಪ್ರಶ್ನೆ ಮಾತ್ರ ದುಂಡಗೆ, ಅಚ್ಚುಕಟ್ಟಾಗಿ, ಹೊಸದಾಗಿ ಕಾಲೇಜು ಬಿಟ್ಟ ಹುಡುಗಿಯರು ಬರೆಯುವ ಹಾಗೆ. ಹೆಚ್ಚಿಗೆ ಬಂದ ಅಂಕ ಮೂರು. ಆ ಪ್ರಶ್ನೆಯದ್ದೂ ಮೂರು. ಯಾರೋ ತಮಗೆ ಬೇಕಾದ ಪ್ರಶ್ನೆಯನ್ನು ಒಳಗೆ ತೂರಿಸಿದ್ದಾರೆ ಅನ್ನಿಸಿತು. ಮೆಹಂದಿ ಹಾಕಿಕೊಂಡ ಕೈ, ದುಂಡು ಬರಹ, ಗೊತ್ತಿಲ್ಲದ ನಂಬರು. ಮೇಷ್ಟ್ರ ಮನೆಯಲ್ಲಿ ಹತ್ತನೇ ತರಗತಿಯ ಹುಡುಗಿ ಇದ್ದಾಳೆ ಅಂತ ನಾನು ಆಗಲೇ ಮನಸ್ಸಿನಲ್ಲಿ ಒಂದು ಹುಡುಗಿಯನ್ನು ಮಾಡಿಕೊಂಡಾಗಿತ್ತು.

ಸಂಚಾಲಕರಿಗೆ ತೋರಿಸಿದೆವು. ಅವರು ತಲೆ ಕೆರೆದುಕೊಂಡರು.

"ಅದೇನು ದೊಡ್ಡ ವಿಷ್ಯ? ಕೈಬರಹ ಬೇರೆ, ಅಂಕ ಹೆಚ್ಚಿಗೆ. ಆ ಪ್ರಶ್ನೆ ತೆಗೆದಾಕ್‌ಬುಡಿ. ಎಂಬತ್ತಾಯ್ತದೆ."

"ನಾನು ಬೆರಳಿನ ಜಾಗದಲ್ಲಿ 'ಅಥವಾ' ಅಂತ ಹಾಕಿದ್ದೀನಿ ಸಾಬ್," ಅಂದರು ಸಿರಾದ ಮೇಷ್ಟ್ರು. "ಅಂಕ ಆಗಲೂ ಎಂಬತ್ತೇ ಬರ್ತದೆ. ಎರಡೂ ಹೃದಯದ ಸವಾಲೇ ಅಲ್ವಾ?"

"ಇಬ್ಬರೂ ಸೇರಿ ಮಕ್ಕಳಿಗೆ ಎರಡು ಪತ್ರಿಕೆ ಮಾಡ್ತೀರಾ?" ಅಂದೆ. "ತೆಗೆದರೆ ಎಲ್ಲರೂ ಚಿತ್ರ ಬರೀಲೇಬೇಕು. ಅಥವಾ ಹಾಕಿದರೆ ಯಾರೂ ಚಿತ್ರ ಬರೆಯಲ್ಲ, ಎಲ್ಲರೂ ಕಾರಣ ಬರೆದು ಎದ್ದು ಹೋಗ್ತಾರೆ. ಮೇಷ್ಟ್ರು ಏನು ಕೇಳಿದಾರೆ ಅಂತ ನಮ್ಮಲ್ಲಿ ಯಾರಿಗೆ ಗೊತ್ತು?"

"ಏನ್ಮೇಡಂ, ಇಂಗೆ ಒಂದೊಂದು ಗೆರೆಗೂ ಅನುಮಾನ ಪಟ್ರೆ ಪರೀಕ್ಷೆ ನಡೆದಂಗೇಯ." ಸಂಚಾಲಕರ ದನಿ ಗಡುಸಾಯಿತು. ಆಮೇಲೆ ನನ್ನನ್ನು ಒಂದು ಥರಾ ನೋಡಿ, "ನಿಮ್ಮ ಸ್ಕೂಲಿನ ಮಕ್ಳಿಗೆ ಯಾವ್ದು ಅನುಕೂಲ ಅಂತ ನೋಡ್ತಿಲ್ಲ ತಾನೆ?" ಅಂದರು.

ಮೈ ಉರಿದುಹೋಯಿತು. ಆದರೆ ಬೇರೆಯವರ ಮೇಲೆ ಸಂಶಯ ಪಡುತ್ತ ಕೂತವಳಿಗೆ ಬೇರೆಯವರು ತನ್ನ ಮೇಲೆ ಪಡಬಾರದು ಅನ್ನುವ ಹಕ್ಕಿಲ್ಲ. "ಅದಕ್ಕೇ ಫೋನ್ ಮಾಡಿ ಸಾರ್," ಅಂದೆ.

ನಮ್ಮ ಫೋನುಗಳು ಟ್ರಂಕಿನಲ್ಲಿದ್ದವು, ಸಂಚಾಲಕರದ್ದೂ ಅಲ್ಲೇ. ಡೈರಿಯಲ್ಲಿದ್ದ ಮೇಷ್ಟ್ರ ನಂಬರಿಗೆ ಶಾಲೆಯ ಆಫೀಸಿನ ಫೋನಿನಿಂದ ಮಾಡಿದರು. ಅತ್ತ ಕಡೆ ಎತ್ತಿದ್ದು ಹೆಣ್ಣುದನಿ. ನಮಗೂ ಕೇಳಲಿ ಅಂತ ಸ್ಪೀಕರು ಹಾಕಿದರು.

"ನೋಡಮ್ಮ, ಮೂರನೇ ಪುಟದ ಕೊನೇಲಿ ನಿನ್ನ ಬೆರಳು ಬಂದ್ಬುಟ್ಟದೆ. ಅಲ್ಲೇನು ಬರೆದದೆ, ವಸಿ ನೋಡಿ ಹೇಳು."

"ಯಾರು ಮಾತಾಡೋದು?"

ಸಂಚಾಲಕರು ತಾವು ಯಾರು ಅಂತ ಹೇಳಿದರು.

"ಇದು ಅವರ ನಂಬರಲ್ಲ. ನಾನು ಫೋನಲ್ಲಿ ಪೇಪರ್ ವಿಷ್ಯ ಮಾತಾಡಲ್ಲ. ಮಾವಯ್ಯ ಮಲಗಿದಾರೆ. ಪೇಪರು ಕವರಿಗೆ ಹಾಕಿ ಅಂಟಿಸಿ ಸೈನ್ ಮಾಡಿದಾರೆ. ಅದನ್ನ ನಾನು ಬಿಚ್ಚಲ್ಲ."

"ಇನ್ನೊಂದು ಫೋಟೊ..."

ಫೋನು ಇಟ್ಟ ಸದ್ದು.

"ನೋಡಿದ್ರಾ?" ಅಂದರು ಸಿರಾದ ಮೇಷ್ಟ್ರು. "ಏನೋ ಮುಚ್ಚಿಡ್ತಾ ಇದಾಳೆ."

ನನಗೂ ಹಾಗೇ ಅನ್ನಿಸಿತು. ಯಾರೋ ಅಪರಿಚಿತರು ನನಗೆ ಫೋನ್ ಮಾಡಿ ಪ್ರಶ್ನೆಪತ್ರಿಕೆ ಓದಿ ಹೇಳು ಅಂದಿದ್ದರೆ ನಾನೂ ಹೀಗೇ ಇಡುತ್ತಿದ್ದೆ ಅನ್ನುವ ಯೋಚನೆ ಆ ಹೊತ್ತಿಗೆ ಹತ್ತಿರಕ್ಕೂ ಸುಳಿಯಲಿಲ್ಲ.

ಕೊನೆಗೆ ಪಾವಗಡಕ್ಕೇ ಹೋಗುವುದು ಅಂತಾಯಿತು. ಯಾರು ಹೋಗಬೇಕು ಅನ್ನುವುದಕ್ಕೆ ಮತ್ತೆ ಒಂದು ಸುತ್ತು ಮಾತು. ಸಂಚಾಲಕರು ಒಬ್ಬರೇ ಹೋದರೆ ನಮಗೆ ಸಮಾಧಾನವಿಲ್ಲ. ನಾನು ಹೋದರೆ ಸಿರಾದ ಮೇಷ್ಟ್ರು ಅರ್ಧ ಮಾಡಿದ ಪತ್ರಿಕೆಗಳ ಜೊತೆ ಒಬ್ಬರೇ ಉಳಿಯುತ್ತಾರೆ, ಅದನ್ನು ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಎಲ್ಲರ ಮುಖದಲ್ಲೂ ಇತ್ತು. ಕಡೆಗೆ ಮೂವರೂ ಸಂಚಾಲಕರ ಕಾರಿನಲ್ಲಿ ಹೊರಟೆವು. ಹಾಳೆಗಳೆಲ್ಲ ಆ ಟ್ರಂಕಿನೊಳಗೆ, ಟ್ರಂಕು ಹಿಂದಿನ ಸೀಟಿನಲ್ಲಿ ನನಗೂ ಸಿರಾದ ಮೇಷ್ಟ್ರಿಗೂ ನಡುವೆ. ಇಬ್ಬರೂ ಅದರ ಮೇಲೆ ಒಂದೊಂದು ಕೈ ಇಟ್ಟುಕೊಂಡಿದ್ದೆವು.

ಮಿಡಿಗೇಶಿ ದಾಟಿದ ಮೇಲೆ ಬಿಸಿಲು ಬಂಡೆಗಳಿಗೆ ಬಡಿದು ಕಣ್ಣಿಗೆ ಹೊಡೆಯುತ್ತಿತ್ತು. ಗೋಡೆಗಳ ಮೇಲೆ ತೆಲುಗು ಸಿನಿಮಾದ ಪೋಸ್ಟರುಗಳು ಶುರುವಾದಾಗ ಸಂಚಾಲಕರು ಒಂದೇ ಮಾತು ಹೇಳಿದರು. "ಮೇಷ್ಟ್ರು ನನಗೂ ಪಾಠ ಹೇಳ್ಕೊಟ್ಟೋರು ಕಣಮ್ಮ. ಅವರ ಮನೆಗೆ ಇಂಗೆ ಪೊಲೀಸರಂಗೆ ಹೋಗ್ಬೇಕಾಯ್ತಲ್ಲ."

ಮನೆಯ ಜಗುಲಿಯ ಮೇಲೆ ಮಕ್ಕಳು ಕೂತಿದ್ದರು. ಗೋಡೆಗೆ ಒಂದು ಕರಿಹಲಗೆ, ಟ್ಯೂಷನ್ ನಡೆಯುತ್ತಿತ್ತು. ಹಲಗೆಯ ಮುಂದೆ ನಿಂತಿದ್ದವಳ ಕೈ ನೋಡಿದೆ. ಮಾಸಿದ ಮೆಹಂದಿ. ಮದುವೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ ಅಂತ ಕರಿಮಣಿಯ ಹೊಳಪೇ ಹೇಳುತ್ತಿತ್ತು. ಮೇಷ್ಟ್ರ ಸೊಸೆ. ನಾನು ಅವಳ ಕಡೆ ನೋಡುವುದನ್ನು ಬಿಟ್ಟು ಮಕ್ಕಳ ಕಡೆ ನೋಡಿದೆ. ಬಹಳಷ್ಟು ಚಿಕ್ಕವರು. ಹಲಗೆಯ ಮೇಲೆ ಭಿನ್ನರಾಶಿಯ ಲೆಕ್ಕ. ಆದರೆ ಕಂಬಕ್ಕೆ ಒರಗಿ ಎತ್ತರದ ಹುಡುಗಿಯೊಬ್ಬಳು ಕೂತಿದ್ದಳು, ಪ್ರೌಢಶಾಲೆಯ ಯೂನಿಫಾರಂ.

"ಯಾವ ಕ್ಲಾಸಮ್ಮ ನೀನು?" ಅಂದೆ.

"ನೈಂತ್, ಮಿಸ್."

"ಹತ್ತನೇ ಕ್ಲಾಸಲ್ವಾ?"

ಹುಡುಗಿ ಗಾಬರಿಯಾಗಿ ಸೊಸೆಯ ಮುಖ ನೋಡಿದಳು. ಸೊಸೆ ಹುಡುಗಿಯ ಚೀಲದಿಂದ ವಿಜ್ಞಾನದ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟಳು. ಒಂಬತ್ತನೇ ತರಗತಿಯದ್ದೇ. ನಾನು ತೆಗೆದುಕೊಂಡು, ಒಳಗಿನ ಪುಟವನ್ನೂ ತೆರೆದು ನೋಡಿ, ವಾಪಸು ಕೊಟ್ಟೆ.

"ಈಗ ಒಳಗೆ ಬನ್ನಿ," ಅಂದಳು.

ಮೇಷ್ಟ್ರು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಲಗೈ ಮುಂಗೈವರೆಗೂ ಊದಿ ನೀಲಿಯಾಗಿತ್ತು, ಡ್ರಿಪ್ಪಿನ ಸೂಜಿ ಹಾಕಿದ ಕೈ. ಸಂಚಾಲಕರು ಕಾಲು ಮುಟ್ಟಿ ನಮಸ್ಕಾರ ಮಾಡಿ, ಬಂದ ಕೆಲಸ ಹೇಗೆ ಹೇಳುವುದು ಅಂತ ತಿಳಿಯದೆ ಆರೋಗ್ಯ ವಿಚಾರಿಸುತ್ತ ಕೂತರು. ನಾನೇ ಹೇಳಿದೆ. ಬೆರಳು, ಮುಚ್ಚಿದ ಸಾಲು, ಹೆಚ್ಚಿಗೆ ಬಂದ ಅಂಕ, ಬೇರೆ ಕೈಬರಹ, ಎಲ್ಲ ಒಂದೇ ಉಸಿರಿಗೆ.

ಮೇಷ್ಟ್ರ ಮುಖ ಕೆಂಪಾಯಿತು. "ಅಂದ್ರೆ ನನ್ನ ಮನೇಲಿ ಯಾರೋ ಪ್ರಶ್ನೆ ಸೇರ್ಸಿದ್ರು ಅಂತ ನೋಡಕ್ಕೆ ಬಂದ್ರಾ?"

"ಹೌದು ಸಾರ್," ಅಂದೆ.

ಅವರು ಒಳಗೆ ತಿರುಗಿ, "ಏಮ್ಮಾ, ಆ ಕವರು ತೀಸ್ಕೊನಿ ರಾ," ಅಂತ ತೆಲುಗಿನಲ್ಲಿ ಕೂಗಿದರು. ಸೊಸೆ ಕವರು ತಂದು ಅವರ ತೊಡೆಯ ಮೇಲೆ ಇಟ್ಟು ಹಿಂದೆ ಸರಿದು ನಿಂತಳು. ಅಂಟಿಸಿದ ಕಡೆ ಅವರ ಸಹಿ ಹಾಗೇ ಇತ್ತು, ಗೆರೆ ಮುರಿದಿರಲಿಲ್ಲ. ಅದನ್ನೂ ನೋಡಿದೆ. ಅವರು ಎಡಗೈಯಲ್ಲಿ ಹರಿದು, ಮೂರನೇ ಹಾಳೆ ತೆಗೆದು ನನ್ನ ಮುಂದೆ ಹಿಡಿದರು.

ಹೃದಯದ ಚಿತ್ರದ ಪ್ರಶ್ನೆಯ ಕೆಳಗೆ ಅವರದೇ ನಡುಗುವ ಕೈಯಲ್ಲಿ ಒಂದು ಸಾಲು ಇತ್ತು. ಮೇಲಿನ ಪ್ರಶ್ನೆಗೆ ಬದಲಾಗಿ, ದೃಷ್ಟಿ ವಿಶೇಷಚೇತನ ವಿದ್ಯಾರ್ಥಿಗಳಿಗೆ ಮಾತ್ರ.

ಸಿರಾದ ಮೇಷ್ಟ್ರು ಬಗ್ಗಿ ಅದನ್ನು ಎರಡು ಸಲ ಓದಿದರು.

ದೊಡ್ಡ ಪರೀಕ್ಷೆಯ ಪತ್ರಿಕೆಗಳಲ್ಲಿ ಇಂಥ ಸಾಲು ನಾವೆಲ್ಲ ನೋಡಿದವರೇ. ಆದರೆ ನಮ್ಮ ನಾಲ್ಕು ತಾಲ್ಲೂಕಿನ ಪೂರ್ವಸಿದ್ಧತಾ ಪತ್ರಿಕೆಯಲ್ಲಿ ಅದನ್ನು ಯಾರೂ ಹಾಕಿದ್ದು ನನಗೆ ನೆನಪಿಲ್ಲ. ಹಾಗಾಗಿ ಹೊಳೆಯಲೇ ಇಲ್ಲ. ಹೊಳೆದದ್ದೆಲ್ಲ ಕಳ್ಳತನವೇ.

"ತೋವಿನಕೆರೆ ಕಡೆ ಒಂದು ಹುಡುಗಿ ಇದಾಳೆ," ಅಂದರು ಮೇಷ್ಟ್ರು. "ಕಣ್ಣು ಕಾಣಲ್ಲ. ಹಿಂದಿನ ಪರೀಕ್ಷೆಲಿ ಚಿತ್ರದ ಪ್ರಶ್ನೆ ಬಂದಾಗ ಸುಮ್ನೆ ಕೂತಿದ್ಲಂತೆ, ಅವಳು ಹೇಳಿದ್ದನ್ನ ಪಕ್ಕದಲ್ಲಿ ಕೂತು ಬರೆಯೋಳೂ ಸುಮ್ನೆ ಕೂತಿದ್ಲಂತೆ. ಅಲ್ಲಿಯ ಮೇಷ್ಟ್ರು ಹೇಳಿದ್ರು. ಉಳಿದ ಚಿತ್ರದ ಪ್ರಶ್ನೆಗೆಲ್ಲ 'ಅಥವಾ' ಕೊಟ್ಟೀನಿ. ಇದೊಂದು ಎಲ್ರೂ ಬರೀಲೇಬೇಕಾದ್ದು. ಅದಕ್ಕೆ ಬದಲಿ ಬರೆಯಕ್ಕೆ ಹೋದೆ, ಕೈ ಏಳಲಿಲ್ಲ. ಒಂದು ಸಾಲು ಬರೆದು, ಮುಂದಿನ ಪುಟದ ತಲೇಲಿ ಬಿಟ್ಟಿದ್ದ ಜಾಗದಲ್ಲಿ ಆ ಪ್ರಶ್ನೆ ಮಾತ್ರ ಇವಳ ಕೈಲಿ ಬರೆಸ್ದೆ."

ಸಂಚಾಲಕರು ನೆಲ ನೋಡುತ್ತಿದ್ದರು. ಅವರ ಮಾತು ಕೇಳಿ ಪ್ರಶ್ನೆ ತೆಗೆದಿದ್ದರೆ ಆ ಹುಡುಗಿ ಮತ್ತೆ ಸುಮ್ಮನೆ ಕೂರುತ್ತಿದ್ದಳು. ಸಿರಾದ ಮೇಷ್ಟ್ರ "ಅಥವಾ" ಇದ್ದಿದ್ದರೆ ಉರ್ದು ಶಾಲೆಯ ಒಂದು ಮಗುವೂ ಹೃದಯದ ಚಿತ್ರ ಬರೆಯುತ್ತಿರಲಿಲ್ಲ. ಸಿರಾದ ಮೇಷ್ಟ್ರು ಒಳಗೆ ತಂದಿದ್ದ ಟ್ರಂಕಿನಿಂದ ತಮ್ಮ ಹಾಳೆ ತೆಗೆದು ಆ ಪದವನ್ನು ಹೊಡೆದು ಹಾಕಿದರು. "ಅಂದಾಜು ಹರಾಮ್," ಅಂತ ತಮಗೆ ತಾವೇ ಗೊಣಗಿಕೊಂಡರು.

ಬಂದದ್ದಾಯಿತಲ್ಲ ಅಂತ ಅಲ್ಲೇ ಕೂತು ಎಲ್ಲ ತಾಳೆ ನೋಡಿದೆವು. ಚುಕ್ಕಿ ಧೂಳೇ ಆಗಿತ್ತು, ಹದಿನೈದು ಸೆಂಟಿಮೀಟರೇ ಸರಿ. ಬದಲಿ ಪ್ರಶ್ನೆಯನ್ನು ಕನ್ನಡಕ್ಕೆ ಮಾಡಿ ಮೇಷ್ಟ್ರಿಗೆ ಓದಿ ಹೇಳಿದೆ. ಮೊದಲ ಉಪಪ್ರಶ್ನೆ ಹೃತ್ಕುಕ್ಷಿಗಳ ಗೋಡೆ ಯಾಕೆ ದಪ್ಪ ಅನ್ನುವುದು. ಕೇಳಿದವರಿಗೆ ಸರಾಗವಾಗಿ ಅರ್ಥವಾಗಲಿ ಅಂತ ನಾನು "ದೇಹಕ್ಕೆಲ್ಲ ರಕ್ತವನ್ನು ಪಂಪ್ ಮಾಡುವ ಹೃತ್ಕುಕ್ಷಿಗಳ ಗೋಡೆಯು ಹೃತ್ಕರ್ಣಗಳ ಗೋಡೆಗಿಂತ ದಪ್ಪವಾಗಿರುತ್ತದೆ, ಕಾರಣ ಕೊಡಿ" ಅಂತ ಬರೆದಿದ್ದೆ.

ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಕಣ್ಣು ಬಿಟ್ಟರು. "ಪಂಪ್ ಮಾಡುವ ಅಂತ ನಾನೆಲ್ಲಿ ಬರೆದೀನಿ?"

ನಾನು ಹಾಳೆ ನೋಡಿದೆ. ಬರೆದಿರಲಿಲ್ಲ.

"ಅದೇ ಉತ್ತರ ಕಣಮ್ಮ. ನಿಮ್ದು ಕನ್ನಡ ಮೀಡಿಯಂ ಶಾಲೆ ಅಲ್ವಾ?"

ಬಾಗಿಲ ಬಳಿ ನಿಂತಿದ್ದ ಸೊಸೆ ಮೊದಲ ಸಲ ನಕ್ಕಳು. ಸಣ್ಣಗೆ, ತುಟಿಯ ಒಂದೇ ಕಡೆ. ನಾನು ಆ ಪದಗಳನ್ನು ಹೊಡೆದು ಹಾಕಿ ಮತ್ತೆ ಓದಿದೆ. "ಹೃತ್ಕುಕ್ಷಿಗಳ ಗೋಡೆಯು ಹೃತ್ಕರ್ಣಗಳ ಗೋಡೆಗಿಂತ ದಪ್ಪವಾಗಿರುತ್ತದೆ. ಕಾರಣ ಕೊಡಿ."

"ಈಗ ಆಯ್ತು," ಅಂದರು.

ಅಸಲು ಹಾಳೆಗಳನ್ನು ಮತ್ತೆ ಕವರಿಗೆ ಹಾಕಿ, ಅವರು ಎಡಗೈಯಲ್ಲೇ ವಕ್ರವಾಗಿ ಸಹಿ ಮಾಡಿ ಕೊಟ್ಟರು. ಈ ಸಲ ಸಂಚಾಲಕರ ಕೈಗೆ. ಸೊಸೆಯ ಫೋನಿನಲ್ಲಿದ್ದ ಫೋಟೊಗಳನ್ನು ಅಳಿಸಬೇಕಲ್ಲ ಅಂತ ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಅವಳೇ ಫೋನು ಚಾಚಿದಳು. "ಕಳ್ಸಿದ ತಕ್ಷಣ ಅಳಿಸಿದೀನಿ. ನೋಡ್ಕೊಳ್ಳಿ." ನಾನು ನೋಡಿದೆ. ಅಳಿಸಿದವುಗಳು ಕೆಲವು ದಿನ ಉಳಿಯುವ ಜಾಗ ಒಂದಿರುತ್ತದಲ್ಲ, ಅದನ್ನೂ ತೆರೆದು ನೋಡಿದೆ. ಅಲ್ಲೂ ಇರಲಿಲ್ಲ.

ಕಾರಿನ ತನಕ ಅವಳು ಬಂದಳು. ಸಂಚಾಲಕರೂ ಸಿರಾದ ಮೇಷ್ಟ್ರೂ ಟ್ರಂಕು ಎತ್ತಿಡುತ್ತಿದ್ದರು.

"ಆ ಹುಡುಗೀನ ಯಾವ ಕ್ಲಾಸು ಅಂತ ಕೇಳಿದ್ರಿ," ಅಂದಳು. "ನನ್ನನ್ನ ಏನೂ ಕೇಳಲಿಲ್ಲ. ನಾನೂ ಬಿಎಸ್ಸಿ ಬಿಎಡ್ಡೇ ಮೇಡಂ. ಪೇಪರ್ ಅಂದ್ರೆ ಏನು ಅಂತ ನಂಗೂ ತಿಳಿಯುತ್ತೆ. ಅದಕ್ಕೇ ಫೋನ್ ಇಟ್ಟಿದ್ದು."

"ಕೇಳಿದ್ರೆ ನೀವು ಹೇಳಿದ್ದನ್ನ ನಂಬ್ತಿದ್ನೋ ಇಲ್ವೋ ಗೊತ್ತಿಲ್ಲ," ಅಂದೆ. ಸುಳ್ಳು ಹೇಳಿ ಅವಳನ್ನು ಸಮಾಧಾನ ಮಾಡುವುದು ಆ ಬಿಸಿಲಿನಲ್ಲಿ ಇನ್ನೂ ಕೆಟ್ಟದ್ದು ಅನ್ನಿಸಿತು.

ಅವಳು ತಲೆಯಾಡಿಸಿದಳು. ಒಪ್ಪಿದಳೋ, ಬೇಸರವೋ, ತಿಳಿಯಲಿಲ್ಲ. ಹೋಗಿ ಬನ್ನಿ ಅನ್ನದೆ ಜಗುಲಿಗೆ ಹೋಗಿ ಸೀಮೆಸುಣ್ಣ ಎತ್ತಿಕೊಂಡಳು.

ವಾಪಸು ಬರುವಾಗಲೂ ನನ್ನ ತಲೆಯೊಳಗಿನ ಹುಳ ಸುಮ್ಮನಿರಲಿಲ್ಲ. ಅವಳು ಪತ್ರಿಕೆ ಪೂರ್ತಿ ನೋಡಿದ್ದಾಳೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಅಕ್ಕನೋ ಅಣ್ಣನೋ ಇದ್ದರೆ? ಸಿರಾದ ಮೇಷ್ಟ್ರಿಗೆ ಹೇಳಿದೆ. ಅವರು ಕಿಟಕಿಯ ಆಚೆ ನೋಡುತ್ತಲೇ, "ಮೇಡಂ, ನಾವೂ ಪೂರಾ ನೋಡಿದೀವಿ," ಅಂದರು.

ಪರೀಕ್ಷೆ ನಡೆಯಿತು. ಮೂರು ಭಾಷೆಯ ಪತ್ರಿಕೆಗಳನ್ನೂ ಪಕ್ಕಪಕ್ಕ ಇಟ್ಟು, ಪ್ರಶ್ನೆಗೆ ಪ್ರಶ್ನೆ, ಅಂಕಕ್ಕೆ ಅಂಕ ತಾಳೆ ನೋಡಿದ ಮೇಲೆಯೇ ಅಚ್ಚಿಗೆ ಹೋಗಿದ್ದವು. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಇದ್ರಲ್ಲಿ ಎರಡೂ ಬರೀಬೇಕಾ?" ಅಂತ ಕೇಳಿದ. ಸೂಚನೆ ಓದಪ್ಪ ಅಂದೆ. ಓದಿ, ಕೂತು, ಹೃದಯ ಬರೆಯಲು ಶುರು ಮಾಡಿದ. ತೋವಿನಕೆರೆಯ ಹುಡುಗಿಯ ವಿಷಯ ಸಂಚಾಲಕರಿಂದ ತಿಳಿಯಿತು. ಚಿತ್ರದ ಪ್ರಶ್ನೆ ಬಂದಾಗ ಅವಳಿಗೆ ಓದಿ ಹೇಳಿ ಬರೆಯುತ್ತಿದ್ದ ಹುಡುಗಿ ಅಭ್ಯಾಸದಂತೆ ನಿಲ್ಲಿಸಿದಳಂತೆ, ಆಮೇಲೆ ಕೆಳಗಿನ ಸಾಲು ಕಂಡು ಓದಿದಳಂತೆ. ಕಣ್ಣು ಕಾಣದ ಹುಡುಗಿ ಮೂರರಲ್ಲಿ ಎರಡು ಕಾರಣ ಸರಿಯಾಗಿ ಹೇಳಿದ್ದಳು. ಹೃದಯದಲ್ಲಿ ಕವಾಟ ಯಾಕೆ ಬೇಕು ಅನ್ನುವುದು ತಪ್ಪಾಗಿತ್ತು. ಕವಾಟದ್ದು ನಮ್ಮ ಶಾಲೆಯ ಮಕ್ಕಳಿಗೂ ತಪ್ಪುತ್ತದೆ.

ಮೇಷ್ಟ್ರು ಆ ವರ್ಷವೇ ಪತ್ರಿಕೆ ತೆಗೆಯುವುದನ್ನು ಬಿಟ್ಟರು. ಆರೋಗ್ಯದ ಕಾರಣ ಅಂತ ಹೇಳಿದರು. ನಾನು ನಂಬಲಿಲ್ಲ. ಒಂದೆರಡು ಸಲ ಶಿಕ್ಷಕರ ಸಭೆಯಲ್ಲಿ ಸಿಕ್ಕಾಗ ನಮಸ್ಕಾರ ಮಾಡಿದೆ. ಅವರೂ ಮಾಡಿದರು, ಮಾತು ಮುಂದುವರಿಯಲಿಲ್ಲ.

ಮರುವರ್ಷ ಮಧುಗಿರಿಗೆ ಅನುವಾದಕ್ಕೆ ಹೋದಾಗ ಕವರು ಸೀಲಾಗಿಯೇ ಬಂದಿತ್ತು. ಆದರೆ ಸಿರಾದ ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಅವಳು ಕೂತಿದ್ದಳು, ಮೇಷ್ಟ್ರ ಸೊಸೆ. ಕೊರಟಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತ್ತಂತೆ. ಈಗ ನನ್ನ ಕನ್ನಡವನ್ನು ಮೂಲದ ಜೊತೆ ತಾಳೆ ನೋಡುವ ಕೆಲಸಕ್ಕೆ ಅವಳನ್ನು ಹಾಕಿದ್ದರು. ಸಂಚಾಲಕರಿಗೆ ಬೇಕಂತಲೇ ಹಾಗೆ ಮಾಡುವ ಬುದ್ಧಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಕೂತು ಪೆನ್ನು ತೆಗೆದೆ. ಅವಳು ಹಾಳೆಯಿಂದ ತಲೆಯೆತ್ತದೆ ಕೇಳಿದಳು.

"ಮೇಡಂ, ನಿಮ್ಮ ಮನೇಲಿ ಈ ವರ್ಷ ಹತ್ತನೇ ಕ್ಲಾಸಲ್ಲಿ ಓದೋರು ಯಾರಾದ್ರೂ ಇದಾರಾ?"

"ನಮ್ಮನೇಲಿ ಇಲ್ಲ," ಅಂದೆ. ಸ್ವಲ್ಪ ತಡೆದು, "ನನ್ನ ತಮ್ಮನ ಮಗಳು ಓದ್ತಾಳೆ. ಅವರ ಮನೆ ಬೇರೆ, ಬುಕ್ಕಾಪಟ್ಟಣದಲ್ಲಿ. ಬರೆದುಕೊಟ್ಟಿದೀನಿ ಸಂಚಾಲಕರಿಗೆ."

ಅವಳು ಎದ್ದು ಹೋಗಿ ಸಂಚಾಲಕರ ಹತ್ತಿರ ನಾನು ಬರೆದುಕೊಟ್ಟ ಕಾಗದ ಕೇಳಿ, ಅಲ್ಲೇ ನಿಂತು ಪೂರ್ತಿ ಓದಿದಳು. ಆಮೇಲೆ ಬಂದು ಕೂತು, "ಮೊದಲ ಪ್ರಶ್ನೆ ಓದಿ," ಅಂದಳು.